0.40 ಮತ್ತು 0.40 ಒಂದೇ ಅಲ್ಲ ಅಂದ ಶೀಟ್: ಗಡಿಯಾರದ ಬಿಡಿಭಾಗಗಳ ಲೆಕ್ಕ, ಮೂರನೇ ಭಾಗ

ಕೊನೆಗೂ ಸಿಕ್ಕಿತು! ನಾಲ್ಕು ಸಂಜೆ ತಿಂದ ತೊಂದರೆ ಇದು. ನಿಮ್ಮಲ್ಲಿ ಯಾರಾದರೂ ಇದೇ ಗುಂಡಿಗೆ ಬಿದ್ದಿದ್ದರೆ ಉಪಯೋಗಕ್ಕೆ ಬರಲಿ ಅಂತ ಪೂರ್ತಿ ಬರೆಯುತ್ತಿದ್ದೇನೆ.

ಹಳೆ ಗಡಿಯಾರಗಳ ಪುಟ್ಟ ಹಿತ್ತಾಳೆ ಚಕ್ರಗಳನ್ನು ತೂಕದ ಮೇಲೆ ಬೇರೆ ಮಾಡುವ ಎಕ್ಸೆಲ್ ಶೀಟ್ ಮಾಡುತ್ತಿರುವುದು ನಿಮಗೆ ಗೊತ್ತೇ ಇದೆ. ಇದರ ಅಗತ್ಯ ಬಂದಿದ್ದೇ ಸಪ್ಲೈಯರ್ ಕೃಪೆಯಿಂದ. ಮೂರು ಬಗೆಯ ಚಕ್ರಗಳಿಗೆ ಆರ್ಡರ್ ಕೊಟ್ಟರೆ ಮೂರನ್ನೂ ಒಂದೇ ಕವರ್‌ಗೆ ಸುರಿದು ಕಳಿಸಿದ್ದಾರೆ. ಹಲ್ಲು ಎಣಿಸುತ್ತಾ ಕೂತರೆ ಕಣ್ಣು ಹೋಗುತ್ತದೆ. ತೂಕದಲ್ಲಾದರೆ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ: 0.40, 0.43 ಮತ್ತು 0.50 ಗ್ರಾಂ.

ನನ್ನ ತಕ್ಕಡಿ 0.01 ಗ್ರಾಂವರೆಗೆ ತೋರಿಸುತ್ತದೆ. ಆದರೆ ಸೊನ್ನೆಯ ಹತ್ತಿರದ ತೂಕಕ್ಕೆ ಅದು ಸರಿಯಾಗಿ ಅಲುಗಾಡುವುದೇ ಇಲ್ಲ. ಅದಕ್ಕೇ ಮೊದಲು 16.00 ಗ್ರಾಂನ ಬಟ್ಟಲು ಇಟ್ಟು, ಅದರೊಳಗೆ ಚಕ್ರ ಹಾಕಿ, ಒಟ್ಟು ತೂಕ ಬರೆದುಕೊಳ್ಳುತ್ತೇನೆ. B ಕಾಲಮ್‌ನಲ್ಲಿ ಒಟ್ಟು ತೂಕ, C ಯಲ್ಲಿ ಬಟ್ಟಲಿನದು, D ಯಲ್ಲಿ ಎರಡರ ವ್ಯತ್ಯಾಸ, E ಯಲ್ಲಿ ಆ ಚಕ್ರಕ್ಕೆ ಇರಬೇಕಾದ ತೂಕ. F ನಲ್ಲಿ ಇಷ್ಟೇ:

```
=D2=E2
```

D2 ದಲ್ಲಿ 0.40. E2 ದಲ್ಲಿ 0.40. F2 ದಲ್ಲಿ FALSE.

ಒಂದು ಸಾಲಲ್ಲಿ ಮಾತ್ರ ಹೀಗಾಗಿದ್ದರೆ ಟೈಪ್ ಮಾಡುವಾಗ ತಪ್ಪಿದೆ ಅಂತ ಸುಮ್ನಾಗುತ್ತಿದ್ದೆ. 0.40ರ ಎಲ್ಲ ಸಾಲುಗಳಲ್ಲೂ FALSE, 0.50ರ ಎಲ್ಲ ಸಾಲುಗಳಲ್ಲೂ TRUE! ಸೂತ್ರವೂ ಅದೇ, ಬಟ್ಟಲೂ ಅದೇ. ಇದೇ ನನ್ನನ್ನು ದಾರಿ ತಪ್ಪಿಸಿದ್ದು. 0.50 ಸರಿ ಬರುತ್ತಿದೆ ಅಂದಮೇಲೆ ಶೀಟ್‌ನಲ್ಲಿ ತಪ್ಪಿಲ್ಲ, 0.40ರ ಚಕ್ರಗಳಲ್ಲೇ ಏನೋ ಇದೆ ಅಂದುಕೊಂಡೆ. ಎರಡು ಸಂಜೆ ಅವನ್ನೇ ಒರೆಸಿ, ಒಣಗಿಸಿ, ಮತ್ತೆ ಮತ್ತೆ ತೂಗಿದೆ. ಪ್ರತಿ ಸಲವೂ 16.40.

ಮೂರನೇ ಸಂಜೆ ಫಾರ್ಮುಲಾ ಬಾರ್‌ನಲ್ಲಿ `B2-C2` ಭಾಗವನ್ನು ಮಾತ್ರ ಸೆಲೆಕ್ಟ್ ಮಾಡಿ F9 ಒತ್ತಿದೆ. ಹಾಗೆ ಮಾಡಿದರೆ ಎಕ್ಸೆಲ್ ಆ ಭಾಗದ ಬೆಲೆಯನ್ನು ಅಲ್ಲೇ ಬಿಚ್ಚಿ ತೋರಿಸುತ್ತದೆ. ಸೆಲ್‌ನ ಫಾರ್ಮ್ಯಾಟ್ ಅದಕ್ಕೆ ಲೆಕ್ಕಕ್ಕಿಲ್ಲ. ನೋಡಿದ ಮೇಲೆ Esc ಒತ್ತಬೇಕು. Enter ಒತ್ತಿದರೆ ಸೂತ್ರ ಹೋಗಿ ಆ ಅಂಕಿಯೇ ಕೂತುಬಿಡುತ್ತದೆ. ಅಲ್ಲಿ ಕಂಡದ್ದು:

```
0.399999999999999
```

ಅಂಕಿಗಳು ಒಳಗೆ ಎರಡರ ಘಾತಗಳ ಮೊತ್ತವಾಗಿ ಉಳಿಯುತ್ತವೆ. 0.5 ಅಂದರೆ ಅರ್ಧ, ಅದು ನಿಖರವಾಗಿ ಕೂರುತ್ತದೆ. 16.5 ಕೂಡ ಹಾಗೇ. 0.4 ಮಾತ್ರ ಎಷ್ಟು ಬಿಟ್ ಕೊಟ್ಟರೂ ಮುಗಿಯುವುದಿಲ್ಲ, ನಾವು ಬರೆಯುವ 0.3333... ಇದ್ದ ಹಾಗೆ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. 0.50ರ ಸಾಲುಗಳು ಪಾಸಾಗಿದ್ದು ಅದಕ್ಕೇ. ಚಕ್ರ ಚೆನ್ನಾಗಿತ್ತು ಅಂತಲ್ಲ, ಅರ್ಧ ಅನ್ನುವ ಅಂಕಿ ಎರಡರ ಲೆಕ್ಕಕ್ಕೆ ಸರಿಯಾಗಿ ಒಗ್ಗುತ್ತದೆ ಅಂತ.

ಎರಡೂ ಕಡೆ ಒಂದೇ ಥರ ಕತ್ತರಿಸಿದ್ದರೆ ಸಮವೇ ಆಗಬೇಕಿತ್ತು ಅಲ್ವಾ? ಇಲ್ಲಿ ಬಟ್ಟಲಿನ ಪಾತ್ರ ಬರುತ್ತದೆ. ಒಂದು ಅಂಕಿಗೆ ಸಿಗುವುದು 53 ಬಿಟ್. 16.4ರಲ್ಲಿ ಅವುಗಳಲ್ಲಿ ಕೆಲವು 16 ಅನ್ನು ಹಿಡಿಯುವುದಕ್ಕೇ ಖರ್ಚಾಗುತ್ತವೆ, ಆದ್ದರಿಂದ ಬಾಲ ಬೇಗ ಕತ್ತರಿಸಿಹೋಗುತ್ತದೆ. ಬರೀ 0.4 ಟೈಪ್ ಮಾಡಿದಾಗ ಬಾಲ ಇನ್ನೂ 6 ಬಿಟ್ ಮುಂದಕ್ಕೆ ಹೋಗುತ್ತದೆ, ಅಂದರೆ 64 ಪಟ್ಟು ಸೂಕ್ಷ್ಮ. 16 ಕಳೆದಾಗ 16 ಏನೋ ಹೋಯಿತು, ಆದರೆ ಒರಟಾಗಿ ಕತ್ತರಿಸಿದ ಬಾಲ ಹಾಗೇ ಉಳಿಯಿತು. ಎರಡರ ನಡುವಿನ ಅಂತರವನ್ನು ನೀವೇ ನೋಡಬಹುದು:

```
=(D2-E2)
-1.44329E-15
```

ಆ ಆವರಣ ಚಿಹ್ನೆ ಬಿಡಬೇಡಿ. ಕಳೆದಾಗ ಉತ್ತರ ಸೊನ್ನೆಗೆ ತೀರಾ ಹತ್ತಿರವಿದ್ದರೆ ಎಕ್ಸೆಲ್ ಕೆಲವು ಸಲ ಅದನ್ನು ತಾನೇ 0 ಮಾಡಿಬಿಡುತ್ತದೆ. `=0.1+0.2-0.3` ಹಾಕಿದರೆ 0 ಬರುತ್ತದೆ. ಅದನ್ನೇ ಆವರಣದಲ್ಲಿ `=(0.1+0.2-0.3)` ಅಂತ ಹಾಕಿದರೆ 5.55112E-17 ಹೊರಬರುತ್ತದೆ. ತಪ್ಪು ಹುಡುಕುತ್ತಿರುವಾಗ ನಮಗೆ ಬೇಕಾದದ್ದು ಈ ಎರಡನೆಯದು.

ಸರಿ ಮಾಡಲು ಮೊದಲು D ಕಾಲಮ್‌ನಲ್ಲೇ `=ROUND(B2-C2,2)` ಹಾಕಿದೆ. 0.40ರ ಸಾಲುಗಳೆಲ್ಲ ಒಮ್ಮೆಗೇ TRUE ಆದವು. ಅಷ್ಟು ಹೊತ್ತಿನ ಮೇಲೆ ಅದನ್ನು ನೋಡಿ ಆದ ಖುಷಿ ಹೇಳತೀರದು. ಆದರೆ 0.43ರ ಸಾಲುಗಳು FALSE ಆಗಿಯೇ ಉಳಿದವು.

ಅಲ್ಲಿ ಇದ್ದದ್ದು ಬೇರೆಯದೇ ಕಥೆ. 0.43ರ ಅಸಲಿ ತೂಕವನ್ನು ನಾನು ಹತ್ತು ಚಕ್ರ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ ಹಾಕಿದ್ದೆ. ಹತ್ತರ ತೂಕ 4.28 ಗ್ರಾಂ, ಅಂದರೆ ಒಂದಕ್ಕೆ 0.428. ಸೆಲ್ ಎರಡು ದಶಮಾಂಶಕ್ಕೆ ಫಾರ್ಮ್ಯಾಟ್ ಆಗಿದ್ದರಿಂದ 0.43 ಅಂತ ಕಾಣುತ್ತಿತ್ತು, ಅಷ್ಟೇ. ಮೊದಲನೆಯದು ಕಂಪ್ಯೂಟರಿನ ಕಸ. ಇದು ನಾನೇ ಅಳೆದು ಪಡೆದ ನಿಜವಾದ ಮಾಹಿತಿ, ಫಾರ್ಮ್ಯಾಟ್ ಹಿಂದೆ ಅಡಗಿತ್ತು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ತೆಗೆದರೆ ಗೊತ್ತಾಗುತ್ತದೆ: E-15, E-16 ಅಂತ ಬಂದರೆ ಕಸ, 0.002 ಥರ ಬಂದರೆ ನಿಜವಾದ ದಶಮಾಂಶ.

E ಕಾಲಮ್‌ಗೂ `ROUND` ಹಾಕಿ ಮುಗಿಸಬಹುದಿತ್ತು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಅದೇ ಬಗೆಯ ಚಕ್ರ ತಕ್ಕಡಿಯಲ್ಲಿ ಒಮ್ಮೆ 0.42, ಒಮ್ಮೆ 0.43 ತೋರಿಸುತ್ತದೆ. `ROUND` ಹಾಕಿ ಸಮ ಇದೆಯಾ ಅಂತ ಕೇಳಿದರೆ 0.42 ಫೇಲ್. ಚಕ್ರದಲ್ಲಿ ಏನೂ ತಪ್ಪಿಲ್ಲ, ತಕ್ಕಡಿ ಒಂದು ಹೆಜ್ಜೆ ಆಚೀಚೆ ಆಗಿದೆ ಅಷ್ಟೇ. ಹಾಗಾಗಿ ಸಮ ಇದೆಯಾ ಅಂತ ಕೇಳುವುದನ್ನೇ ಬಿಟ್ಟು, ಎಷ್ಟು ಹತ್ತಿರ ಇದೆ ಅಂತ ಕೇಳಿದೆ:

```
=ABS(D2-E2)<0.015
```

0.01 ಅಂತ ಹಾಕದೆ 0.015 ಹಾಕಿದ್ದಕ್ಕೆ ಕಾರಣ ಇದೆ. ತಕ್ಕಡಿಯ ಹೆಜ್ಜೆಯೇ 0.01. ಗಡಿಯನ್ನು ಸರಿಯಾಗಿ ಆ ಹೆಜ್ಜೆಯ ಮೇಲೆ ಇಟ್ಟರೆ ಅದೇ ಕಸ ಅಲ್ಲಿ ಮತ್ತೆ ತೀರ್ಪು ಕೊಡುತ್ತದೆ. ಎರಡು ಹೆಜ್ಜೆಗಳ ನಡುವೆ ಇಟ್ಟರೆ ಆ ಗೊಡವೆ ಇಲ್ಲ. ಈಗ 0.41 ಬಂದರೆ 0.40ರ ಗುಂಪಿಗೆ ಹೋಗುತ್ತದೆ, 0.42 ಬಂದರೆ 0.428ರ ಗುಂಪಿಗೆ. ಎರಡೂ ಗುಂಪಿಗೆ ಸೇರುವ ರೀಡಿಂಗ್ ಒಂದೂ ಇಲ್ಲ. ಚಕ್ರಗಳ ತೂಕ ಇನ್ನೂ ಹತ್ತಿರ ಹತ್ತಿರ ಇದ್ದಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ, ಬೇರೆ ತಕ್ಕಡಿಯೇ ಬೇಕಾಗುತ್ತಿತ್ತು.

ಎಕ್ಸೆಲ್ ಆಯ್ಕೆಗಳಲ್ಲಿ Set precision as displayed ಅಂತ ಒಂದು ಇದೆ. ದಯವಿಟ್ಟು ಮುಟ್ಟಬೇಡಿ. ಅದನ್ನು ಟಿಕ್ ಮಾಡಿದರೆ ಇಡೀ ವರ್ಕ್‌ಬುಕ್‌ನ ಅಂಕಿಗಳು ಕಾಣುವ ದಶಮಾಂಶಕ್ಕೇ ಕತ್ತರಿಸಿಹೋಗುತ್ತವೆ. ಟಿಕ್ ತೆಗೆದರೂ ವಾಪಸ್ ಬರುವುದಿಲ್ಲ. ಕಷ್ಟಪಟ್ಟು ತೂಗಿದ 0.428 ಹೋಗಿ 0.43 ಆಗಿಬಿಡುತ್ತದೆ.

ಇನ್ನು ಸಪ್ಲೈಯರ್ ಪಟ್ಟಿ. ಇದು ನಾಲ್ಕನೇ ಸಂಜೆಯ ಕೆಲಸ. ಅವರ ವೆಬ್ ಪೇಜಿನಿಂದ ಪಾರ್ಟ್ ಕೋಡ್‌ಗಳನ್ನು ಕಾಪಿ ಮಾಡಿ ನನ್ನ ಪಟ್ಟಿಯ ಜೊತೆ ಹೋಲಿಸಿದೆ. ನನ್ನದು `GR-0420`, ಅವರದೂ `GR-0420`, ಉತ್ತರ FALSE. ಇಲ್ಲಿ ದಶಮಾಂಶದ ಮಾತೇ ಇಲ್ಲ. `LEN` ಹಾಕಿದ ತಕ್ಷಣ ಸಿಕ್ಕಿಬಿತ್ತು: ನನ್ನದು 7, ಅವರದು 8. ಕೊನೆಯಲ್ಲಿ ಏನೋ ಅಂಟಿಕೊಂಡಿದೆ. `TRIM` ಹಾಕಿದೆ, ಆದರೂ 8. ಆ ಎಂಟನೆಯದು ಏನು ಅಂತ ನೇರವಾಗಿ ಕೇಳಿದೆ:

```
=UNICODE(RIGHT(H2,1))
160
```

ಮಾಮೂಲಿ ಸ್ಪೇಸ್ 32. ಈ 160 ಅನ್ನುವುದು ವೆಬ್ ಪೇಜ್‌ಗಳಲ್ಲಿ ಸಾಲು ಮುರಿಯದಿರಲಿ ಅಂತ ಹಾಕುವ ಸ್ಪೇಸ್. `TRIM` ತೆಗೆಯುವುದು 32 ಅನ್ನು ಮಾತ್ರ. `CLEAN` ತೆಗೆಯುವುದು 0ಯಿಂದ 31ರವರೆಗಿನ ಕೋಡ್‌ಗಳನ್ನು. 160 ಇಬ್ಬರ ಕೈಗೂ ಸಿಗುವುದಿಲ್ಲ. ಮೊದಲು ಅದನ್ನು ಮಾಮೂಲಿ ಸ್ಪೇಸ್ ಮಾಡಿ, ಆಮೇಲೆ `TRIM` ಕೈಗೆ ಕೊಡಬೇಕು:

```
=TRIM(SUBSTITUTE(H2,UNICHAR(160)," "))
```

`LEN` 7 ಆಯಿತು, ಹೋಲಿಕೆ TRUE ಆಯಿತು. ಕೋಡ್‌ಗಳನ್ನು ಪೇಜಿಗೆ ಹಾಕುವವರು ಆ ಒಂದು ಅಕ್ಷರ ತೆಗೆದುಹಾಕಿದ್ದರೆ ಎಷ್ಟು ಜನರ ಸಂಜೆ ಉಳಿಯುತ್ತಿತ್ತೋ! ಅವರಿಗೆ ಬರೆದಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.

ಕನ್ನಡದಲ್ಲಿ ಹೆಸರು ಬರೆದಿಡುವವರಿಗೆ ಒಂದು ಮಾತು. ಕಾಣದ ಅಕ್ಷರಗಳನ್ನೆಲ್ಲ ಗುಡಿಸಿಬಿಡುವ ಸೂತ್ರವನ್ನು ಕನ್ನಡ ಕಾಲಮ್ ಮೇಲೆ ಓಡಿಸಬೇಡಿ. 'ಸಾಫ್ಟ್‌ವೇರ್' ಅನ್ನುವಲ್ಲಿ ಟ್ ಮತ್ತು ವೇ ನಡುವೆ 8204 ಅನ್ನುವ ಕಾಣದ ಅಕ್ಷರ ಇದೆ. ಒತ್ತಕ್ಷರ ಆಗದಂತೆ ತಡೆದಿರುವುದೇ ಅದು. ತೆಗೆದರೆ 'ಸಾಫ್ಟ್ವೇರ್' ಆಗುತ್ತದೆ. ಅದು ಇದ್ದಾಗ `LEN` 11, ಇಲ್ಲದಾಗ 10. ನನ್ನ ವಿವರಣೆ ಕಾಲಮ್‌ನಲ್ಲಿ ಇಂಥ ಪದಗಳು ಜಾಸ್ತಿ ಇವೆ, ಆದ್ದರಿಂದ ಹೋಲಿಕೆಗೆ ಪಾರ್ಟ್ ಕೋಡ್ ಮಾತ್ರ ಬಳಸುತ್ತೇನೆ.

ಇಷ್ಟೆಲ್ಲ ಆಗುವಾಗಲೇ ಮುಂದಿನ ಪ್ರಾಜೆಕ್ಟ್ ತಲೆಗೆ ಹೊಕ್ಕಿದೆ. ಲೋಡ್ ಸೆಲ್ ಮತ್ತು ಎಚ್‌ಎಕ್ಸ್‌711 ಬೋರ್ಡ್ ತಂದಿಟ್ಟಿದ್ದೇನೆ. ರೀಡಿಂಗ್ ಸೀರಿಯಲ್ ಪೋರ್ಟ್‌ನಿಂದ ನೇರ ಶೀಟ್‌ಗೆ ಬರಬೇಕು, ಟೈಪ್ ಮಾಡುವ ಕೆಲಸ ಇರಬಾರದು. ಒಂದು ಪರೀಕ್ಷೆ ಮಾಡಿಯೂ ನೋಡಿದೆ. ಬಂದ 16.40 ಸೆಲ್‌ನ ಎಡಕ್ಕೆ ಅಂಟಿಕೊಂಡು ಕೂತಿತು. `ISNUMBER` ಕೇಳಿದರೆ FALSE. ಅಂದರೆ ಅದು ಅಂಕಿಯೇ ಅಲ್ಲ, ಪಠ್ಯ. ಪಠ್ಯ ಮತ್ತು ಅಂಕಿ ನೋಡಲು ಎಷ್ಟೇ ಒಂದೇ ಥರ ಇದ್ದರೂ `=` ಅವನ್ನು ಸಮ ಅನ್ನುವುದಿಲ್ಲ. ಈ ಸಲ `LEN` ಕೇಳಲು ಎರಡು ನಿಮಿಷವೂ ಆಗಲಿಲ್ಲ: 6 ಬಂತು, ಬರಬೇಕಾದದ್ದು 5. ಕೊನೆಯಲ್ಲಿ 13, ಅಂದರೆ ಸಾಲಿನ ಕೊನೆಗೆ ಬರುವ ಕ್ಯಾರೇಜ್ ರಿಟರ್ನ್. ಇದು 31ರ ಒಳಗಿನದು, `CLEAN` ಸಾಕು:

```
=VALUE(CLEAN(B2))
```

ಚಕ್ರಗಳ ಸ್ಥಿತಿ ಹೀಗಿದೆ: ಮೂರು ಡಬ್ಬಿಗಳೂ ತುಂಬಿವೆ. ಐದು ಚಕ್ರ ಮಾತ್ರ ಇನ್ನೂ ಯಾವ ಗುಂಪಿಗೂ ಸೇರದೆ FALSE ತೋರಿಸುತ್ತಿವೆ. ಐದೂ 0.46ರ ಆಸುಪಾಸು. ವ್ಯತ್ಯಾಸ ತೆಗೆದು ನೋಡಿದೆ, E-15 ಅಲ್ಲ. ಭೂತಗನ್ನಡಿ ಹಿಡಿದು ಹಲ್ಲು ಎಣಿಸಿದೆ. ನಾನು ಆರ್ಡರ್ ಮಾಡಿದ ಮೂರು ಬಗೆಗಳಲ್ಲಿ ಯಾವುದೂ ಅಲ್ಲ ಅವು.