ಮಾಲು ನಿಮ್ಮದು, ಕೂಲಿ ಮಾತ್ರ ನಮ್ಮದು

ಕಟಪಾಡಿ ಹತ್ತಿರ ನನ್ನ ದೊಡ್ಡಪ್ಪನ ಮಗನ ಒಂದು ವೆಲ್ಡಿಂಗ್ ಶಾಪ್ ಇದೆ. ಅಣ್ಣ ಮತ್ತು ಇಬ್ಬರು ಹುಡುಗರು, ಅಷ್ಟೇ. ನಮ್ಮ ಕಡೆ ತಾರಸಿ ಮನೆ ಕಟ್ಟಿದವರೆಲ್ಲ ಎರಡು ಮಳೆಗಾಲ ಕಳೆಯುವುದರೊಳಗೆ ಮೇಲೆ ಶೀಟಿನ ಮಾಡು, ಅಂದರೆ ಚಾವಣಿ, ಹಾಕಿಸುತ್ತಾರೆ, ಇಲ್ಲದಿದ್ದರೆ ಸೋರುವುದನ್ನು ತಡೆಯಲು ಆಗುವುದಿಲ್ಲ. ಅಣ್ಣನ ಹೆಚ್ಚಿನ ಕೆಲಸ ಅದೇ. ಹದಿನೈದು ವರ್ಷದಿಂದ ಅವನು ಹೀಗೇ ಇದ್ದಾನೆ, ಅವನ ಕೈಕೆಳಗೆ ಕಲಿತು ಹೋದವರೂ ಈಗ ಹೀಗೇ ಇಬ್ಬಿಬ್ಬರು ಹುಡುಗರನ್ನು ಇಟ್ಟುಕೊಂಡು ಶಾಪ್ ನಡೆಸುತ್ತಿದ್ದಾರೆ.

ಕಳೆದ ಬೇಸಿಗೆಯಲ್ಲಿ ಒಂದು ಗೇರುಬೀಜದ ಫ್ಯಾಕ್ಟರಿಯವರು ಅವನನ್ನು ಹುಡುಕಿಕೊಂಡು ಬಂದರು. ಟ್ರೇ ಇಡುವ ಸ್ಟೀಲ್ ಟ್ರಾಲಿ, 25 ಬೇಕು. ಮಾದರಿಗೆ ಒಂದು ಮಾಡಿ ತೋರಿಸಿದ, ಅವರಿಗೆ ಇಷ್ಟವಾಯಿತು. ಆಮೇಲೆ ಜಿಎಸ್‌ಟಿ ನಂಬರ್ ಕೇಳಿದರು. ಅಣ್ಣ ಇಲ್ಲ ಅಂದ. ಮಾತು ಅಲ್ಲಿಗೇ ನಿಂತಿತು.

ನಾನು ಉಡುಪಿಯಲ್ಲಿ ಸಣ್ಣ ಅಂಗಡಿಗಳ ಲೆಕ್ಕ ಬರೆಯುವವಳು. ಆ ಭಾನುವಾರ ಅವನ ಶಾಪಿಗೆ ಹೋದಾಗ ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ, ರಿಜಿಸ್ಟರ್ ಮಾಡಿಸಿದ್ದರೆ ಆರ್ಡರ್ ಸಿಗುತ್ತಿತ್ತಲ್ವಾ ಅಂತ. ಅವನು ಒಂದು ಹಳೇ ಕೊಟೇಶನ್ ಪುಸ್ತಕ ತಂದು ನನ್ನ ಮುಂದೆ ಇಟ್ಟ. "ನೀನೇ ಲೆಕ್ಕ ಹಾಕು ಮಾರಾಯ್ತಿ. ಆಮೇಲೆ ಹೇಳು."

ಹಾಕಿದೆವು. ಸುಲಭವಾಗಲಿ ಅಂತ ಒಂದು ಮಾಡಿಗೆ 2,00,000 ರೂಪಾಯಿ ಇಟ್ಟುಕೊಂಡೆವು. ಅದರಲ್ಲಿ ಶೀಟ್, ಪೈಪ್, ಸ್ಕ್ರೂ ಎಲ್ಲ ಸೇರಿ 1,20,000. ಇದರೊಳಗೆ 18 ಶೇಕಡಾ ಜಿಎಸ್‌ಟಿ ಆಗಲೇ ಕೂತಿದೆ, ಸುಮಾರು 18,305 ರೂಪಾಯಿ. ಹುಡುಗರ ಸಂಬಳ 50,000. ಉಳಿಯುವುದು 30,000. ರಿಜಿಸ್ಟರ್ ಆದರೆ ಆ 18,305 ಅವನಿಗೆ ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೆ, ಅಂದರೆ ಅವನು ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟು ಕಳೆಯಬಹುದು, ಆದರೆ ಪೂರ್ತಿ ಬಿಲ್ಲಿನ ಮೇಲೆ 18 ಶೇಕಡಾ ಹಾಕಬೇಕು. ಅದೇ 30,000 ಉಳಿಯಬೇಕಾದರೆ ಮನೆಯವರು 2,14,400 ಕೊಡಬೇಕು. 14,400 ಜಾಸ್ತಿ. ಮನೆಯವರಿಗೆ ಆ ತೆರಿಗೆಯನ್ನು ವಾಪಸ್ ಪಡೆಯುವ ದಾರಿಯೇ ಇಲ್ಲ, ಹಾಗಾಗಿ ಅವರು ಪಕ್ಕದ ಶಾಪಿಗೆ ಹೋಗುತ್ತಾರೆ. ಹೋಗದಿರಲಿ ಅಂತ ಅಣ್ಣ ಅದೇ 2,00,000ದೊಳಗೆ ತೆರಿಗೆಯನ್ನೂ ತಾನೇ ನುಂಗಿದರೆ ಉಳಿಯುವುದು ಸುಮಾರು 17,797, ಅಂದರೆ 12,203 ಕಡಿಮೆ, ಲಾಭದಲ್ಲಿ ಸುಮಾರು 40 ಶೇಕಡಾ ಹೋಯಿತು.

ಈಗ ಅದೇ ಅಂಕಿಗಳನ್ನು ಟ್ರಾಲಿಗೆ ಇಟ್ಟು ನೋಡಿ. 25 ಟ್ರಾಲಿ, ಒಂದಕ್ಕೆ 8,000, ಒಟ್ಟು 2,00,000. ರಿಜಿಸ್ಟರ್ ಆದ ಇನ್ನೊಬ್ಬ ಶಾಪಿನವನು ಅದೇ 30,000 ಲಾಭ ಇಟ್ಟುಕೊಂಡು ತೆರಿಗೆ ಬಿಟ್ಟು 1,81,695ಕ್ಕೆ ಕೊಡಬಲ್ಲ. ಮೇಲಿನ ತೆರಿಗೆ ಫ್ಯಾಕ್ಟರಿಗೆ ಕ್ರೆಡಿಟ್ ಆಗುತ್ತದೆ, ಅವರಿಗೆ ಅದು ಖರ್ಚೇ ಅಲ್ಲ. ಅದೇ ಲಾಭ ಉಳಿಯಬೇಕಾದರೆ ಅಣ್ಣ ಎಷ್ಟು ಎಳೆದರೂ 2,00,000ಕ್ಕಿಂತ ಕೆಳಗೆ ಬರಲಾರ. ಒಂದೇ ಕೈ, ಒಂದೇ ಕೆಲಸ. ನಂಬರ್ ಇದ್ದರೆ ಮನೆಯವರಿಗೆ ಅವನು 14,400 ದುಬಾರಿ, ನಂಬರ್ ಇಲ್ಲದಿದ್ದರೆ ಫ್ಯಾಕ್ಟರಿಗೆ 18,305 ದುಬಾರಿ.

ಟ್ರಾಲಿಗೆ ಮಾತ್ರ ನಂಬರ್ ತೆಗೆದುಕೊಳ್ಳೋಣ ಅಂದರೆ ಆಗುವುದಿಲ್ಲ. ನೋಂದಣಿ ಆಗುವುದು ಪ್ಯಾನ್ ಮೇಲೆ, ಒಮ್ಮೆ ಆದರೆ ಮಾಡಿನ ಕೆಲಸಕ್ಕೂ ತೆರಿಗೆ. ಸಣ್ಣವರು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಅಂತ ಒಂದು ಉಂಟಲ್ಲ ಅಂತ ಅಣ್ಣ ಕೇಳಿದ. ಉಂಟು, ಆದರೆ ಮಾಡಿನಂಥ ಕೆಲಸಕ್ಕೆ ಅದರಲ್ಲಿ 6 ಶೇಕಡಾ, ಗಿರಾಕಿಯಿಂದ ಪಡೆಯುವಂತಿಲ್ಲ, ಮಾಲಿನ ಕ್ರೆಡಿಟ್ ಸಿಗುವುದಿಲ್ಲ. 2,00,000ಕ್ಕೆ 12,000 ಕೈಯಿಂದ ಹೋಗುತ್ತದೆ. ಮೇಲಾಗಿ ಫ್ಯಾಕ್ಟರಿಗೂ ಆ ಬಿಲ್ಲಿನಿಂದ ಕ್ರೆಡಿಟ್ ಇಲ್ಲ. ಯಾವ ಗಿರಾಕಿಗಾಗಿ ನೋಂದಣಿ ಮಾಡಿಸಬೇಕೋ ಅವನಿಗೇ ಉಪಯೋಗವಿಲ್ಲ.

ಹಾಗಾದರೆ ಅಣ್ಣ ಕಾನೂನಿನೊಳಗೆ ಹೇಗೆ ಉಳಿದಿದ್ದಾನೆ? ನೋಂದಣಿ ಇಲ್ಲದೆ ಇರಲು ಸೇವೆಗೆ ಮಿತಿ ವರ್ಷಕ್ಕೆ 20 ಲಕ್ಷ, ಅದೂ ಲಾಭ ಅಲ್ಲ, ಪೂರ್ತಿ ವಹಿವಾಟು. ಮಾಲು ಸೇರಿಸಿ ಬಿಲ್ ಮಾಡಿದರೆ ಹತ್ತು ಮಾಡಿಗೆ ಮುಗಿಯಿತು. 2025ರ ಜುಲೈಯಲ್ಲಿ ಯುಪಿಐ ಜಮೆ ನೋಡಿ ಬೆಂಗಳೂರಿನ ಎಷ್ಟೋ ಸಣ್ಣ ಅಂಗಡಿಯವರಿಗೆ ತೆರಿಗೆ ನೋಟಿಸ್ ಬಂದ ಮೇಲೆ ಅವನು ಈ ಲೆಕ್ಕವನ್ನು ಬಹಳ ಗಟ್ಟಿಯಾಗಿ ಹಿಡಿದ. ಆಗಿನಿಂದ ಮನೆಯವರಿಗೆ ಅವನು ಹೇಳುವುದು ಒಂದೇ, ಮಾಲು ನೀವು ತನ್ನಿ, ಕೂಲಿ ಮಾತ್ರ ನಮ್ಮದು. ಆಗ ಒಂದು ಮಾಡಿಗೆ ಅವನ ಲೆಕ್ಕದಲ್ಲಿ ಬರುವುದು 80,000 ಮಾತ್ರ. ಇದು ತಪ್ಪೇನಲ್ಲ, ಎಷ್ಟೋ ಜನ ಹೀಗೇ ಮಾಡುತ್ತಾರೆ.

ಆದರೆ ಇದರಿಂದ ಕೆಲಸಕ್ಕೆ ಏನಾಗುತ್ತದೆ ಅನ್ನುವುದನ್ನು ನಾನು ನೋಡಿದ್ದು ಅವತ್ತು ಮಧ್ಯಾಹ್ನ, ಅವನ ಜೊತೆ ಒಂದು ಮನೆಯ ತಾರಸಿಗೆ ಹೋದಾಗ. ಪೈಪ್ ಬರುವುದು 20 ಅಡಿಯದ್ದು. ಅಲ್ಲಿ ಬೇಕಿದ್ದದ್ದು 14 ಅಡಿ. ಪ್ರತಿ ಪೈಪಿನಲ್ಲೂ 6 ಅಡಿ ತುಂಡು ಉಳಿಯಿತು, ಕೆಲವು ಸಣ್ಣ ಕಂಬಕ್ಕೆ ಹೋಯಿತು, ಉಳಿದದ್ದನ್ನು ಮನೆಯ ಹಿಂದೆ ತೆಂಗಿನ ಬುಡಕ್ಕೆ ಒರಗಿಸಿದರು. ಅದು ಮನೆಯವರ ಮಾಲು, ಅಣ್ಣ ಮುಟ್ಟುವ ಹಾಗಿಲ್ಲ. ಮಾಲು ಅವನದ್ದೇ ಆಗಿದ್ದರೆ ಆ ತುಂಡು ಮುಂದಿನ ಮನೆಯ ಕೆಲಸಕ್ಕೆ ಹೋಗುತ್ತಿತ್ತು, ಟನ್ ಲೆಕ್ಕದಲ್ಲಿ ಪೈಪ್ ತಂದು ರೇಟು ಇಳಿಸಬಹುದಿತ್ತು, ಮಳೆಗಾಲದಲ್ಲಿ ಕೆಲಸ ಕಡಿಮೆ ಇರುವಾಗ ಶಾಪಿನಲ್ಲೇ ಟ್ರಸ್ ಮಾಡಿ ಇಟ್ಟು ಬೇಸಿಗೆಯಲ್ಲಿ ಬರೀ ಜೋಡಿಸಬಹುದಿತ್ತು. ಈಗ ಮನೆಯವರು ತಂದ ಮೇಲೆ ಅಳತೆ, ಆಮೇಲೆ ಬಿಸಿಲಲ್ಲಿ ತಾರಸಿ ಮೇಲೇ ಕಟಿಂಗ್, ಒಂದು ಪೈಪ್ ಕಡಿಮೆ ಬಂದರೆ ಹುಡುಗರು ಸುಮ್ನೆ ಕೂರಬೇಕು.

ಮೆಷಿನ್ ವಿಷಯವೂ ಹಾಗೇ. ಟ್ರಾಲಿ ಕೆಲಸಕ್ಕೆ ಶೀಟ್ ಬೆಂಡ್ ಮಾಡಬೇಕು. ಅಣ್ಣ ಅದನ್ನು ಟೆಂಪೋದಲ್ಲಿ ಶಿವಳ್ಳಿ ಕೈಗಾರಿಕಾ ಪ್ರದೇಶಕ್ಕೆ ಕಳಿಸಿ, ಅಲ್ಲಿ ಸರದಿ ಕಾದು ತರಿಸಬೇಕು. ಸ್ವಂತ ಬೆಂಡಿಂಗ್ ಮೆಷಿನ್‌ಗೆ ಅವನಿಗೆ ಸಿಕ್ಕ ರೇಟು 12 ಲಕ್ಷ, ಮೇಲೆ 2,16,000 ಜಿಎಸ್‌ಟಿ. ನಂಬರ್ ಇದ್ದವನಿಗೆ ಆ ತೆರಿಗೆ ಕ್ರೆಡಿಟ್, ಇವನಿಗೆ ಬರೀ ಖರ್ಚು. ಬ್ಯಾಂಕಿನವರು ನೋಡುವುದು ಕಾಗದದಲ್ಲಿರುವ ವಹಿವಾಟು, ಕೂಲಿ ಮಾತ್ರ ತೋರಿಸುವ ಶಾಪಿಗೆ ಅಷ್ಟು ಸಾಲ ಯಾರು ಕೊಡುತ್ತಾರೆ? ಚಾಂಗ್-ತಾಯ್ ಶೇ ಮತ್ತು ಪೀಟರ್ ಕ್ಲೆನೊ ಅನ್ನುವ ಅರ್ಥಶಾಸ್ತ್ರಜ್ಞರು 2014ರಲ್ಲಿ ತೋರಿಸಿದ್ದರು: ಅಮೆರಿಕದಲ್ಲಿ 40 ವರ್ಷ ಹಳೆಯ ಕಾರ್ಖಾನೆಯಲ್ಲಿ ಹೊಸದಕ್ಕಿಂತ ಏಳು ಪಟ್ಟಿಗೂ ಜಾಸ್ತಿ ಕೆಲಸಗಾರರಿರುತ್ತಾರೆ, ನಮ್ಮಲ್ಲಿ ಅಷ್ಟು ವಯಸ್ಸಾದರೂ ಬೆಳೆಯುವುದು ಸುಮಾರು ಎರಡು ಪಟ್ಟು ಮಾತ್ರ. ಇದಕ್ಕೆ ಕಾರಣ ಹಲವು ಇರಬಹುದು. ಕಟಪಾಡಿಯಲ್ಲಿ ನಾನು ಕಂಡ ಕಾರಣ, ತೆರಿಗೆ ಕದಿಯುವ ಆಸೆ ಅಲ್ಲವೇ ಅಲ್ಲ. ಮನೆಯ ಗಿರಾಕಿಯಿಂದ ಫ್ಯಾಕ್ಟರಿ ಗಿರಾಕಿಗೆ ದಾಟುವ ಮಧ್ಯದ ಒಂದೆರಡು ವರ್ಷ ನಷ್ಟದಲ್ಲಿ ನಡೆಯಬೇಕು, ಅದಕ್ಕೆ ಬೇಕಾದ ದುಡ್ಡು ಅವನಲ್ಲಿಲ್ಲ.

ದಾಟಲು ಎಷ್ಟು ಬೇಕು ಅಂತಲೂ ನೋಡಿದೆವು. ವರ್ಷಕ್ಕೆ ಒಂಬತ್ತು ಮಾಡಿನಲ್ಲಿ ತೆರಿಗೆಯನ್ನು ತಾನೇ ನುಂಗಿದರೆ, ಒಂದಕ್ಕೆ 12,203ರ ಹಾಗೆ, ನಷ್ಟ ಸುಮಾರು 1,09,800. ರಿಜಿಸ್ಟರ್ ಆಗಿ 2,00,000ದ ಮೇಲೆ ತೆರಿಗೆ ಬೇರೆ ಹಾಕಿ ಕೊಟ್ಟ ಒಂದು ಟ್ರಾಲಿ ಆರ್ಡರಿನಲ್ಲಿ ಉಳಿಯುವುದು 48,305. ಅಂದರೆ ಅಂಥ ಮೂರು ಆರ್ಡರ್ ಖಾತ್ರಿ ಇದ್ದರೆ ಸಾಕು. ಫ್ಯಾಕ್ಟರಿ ದುಡ್ಡು ಕೊಡುವುದು ಎರಡು ತಿಂಗಳಿಗೆ, ತೆರಿಗೆ ಮಾತ್ರ ಬಿಲ್ ಮಾಡಿದ ಮುಂದಿನ ತಿಂಗಳೇ ಕಟ್ಟಬೇಕು, ಅದಕ್ಕೊಂದಿಷ್ಟು ಕೈದುಡ್ಡು ಇರಲಿ.

ನಾನೇ ಫ್ಯಾಕ್ಟರಿಯ ಪರ್ಚೇಸ್‌ನವರಿಗೆ ಫೋನ್ ಮಾಡಿದೆ. ವರ್ಷಕ್ಕೆ ಮೂರು ಆರ್ಡರ್ ಕೊಡುತ್ತೇವೆ ಅಂತ ಒಂದು ಪತ್ರ ಕೊಡ್ತೀರಾ, ನಂಬರ್ ಮಾಡಿಸ್ತೇವೆ ಅಂದೆ. "ಮೊದಲು ನಂಬರ್ ಮಾಡಿಸಿ ಮೇಡಂ, ಆಮೇಲೆ ವೆಂಡರ್ ಲಿಸ್ಟಿಗೆ ಸೇರಿಸುವ, ಆರ್ಡರ್ ಆಗ ನೋಡುವ" ಅಂದರು. ಅವರ ಜಾಗದಲ್ಲಿ ಅದು ಸರಿಯೇ ಇರಬಹುದು.

ಟ್ರಾಲಿ ಆರ್ಡರ್ ಬೈಕಂಪಾಡಿಯ ಒಂದು ದೊಡ್ಡ ಶಾಪಿಗೆ ಹೋಯಿತು. ಅವರಿಗೆ ವೆಲ್ಡರ್‌ಗಳು ಸಾಲಲಿಲ್ಲ. ಮೇ ತಿಂಗಳಲ್ಲಿ ಬೆಂಡ್ ಮಾಡಿದ ಶೀಟ್ ಹೊತ್ತ ಟೆಂಪೋ ಅಣ್ಣನ ಶಾಪಿಗೇ ಬಂತು, ಒಂದು ಟ್ರಾಲಿಗೆ 2,200 ಕೂಲಿ. ಅದರಲ್ಲಿ 2,000 ಹುಡುಗರ ಸಂಬಳಕ್ಕೆ ಹೋಯಿತು.