ಹೆಬ್ಬೆರಳು ಮತ್ತು ಹಂಸ

ಇಂದು ಮುಂಜಾನೆ ಮಾಳಿಗೆಯ ಮೇಲೆ ಮಗಳು ಒಂದೊಂದೇ ಕಣ್ಣು ಮುಚ್ಚುತ್ತ, ತಾನು ಚಾಚಿದ ಹೆಬ್ಬೆರಳು ಗೋಳಗುಮ್ಮಟದ ಒಂದು ಮೂಲೆಯಿಂದ ಇನ್ನೊಂದಕ್ಕೆ ಜಿಗಿಯುವುದನ್ನು ಕಂಡು ನಗುತ್ತಿದ್ದಳು.

ರಾಜಹಂಸ ನಕ್ಷತ್ರಪುಂಜದ 61ನೆಯ ತಾರೆಯ ದೂರವನ್ನು 1838ರಲ್ಲಿ ಜರ್ಮನ್ ಖಗೋಳಜ್ಞ ಬೆಸೆಲ್ ಅಳೆದದ್ದೂ ಹೀಗೆಯೇ. ಅವನ ಎರಡು ಕಣ್ಣುಗಳೆಂದರೆ ಆರು ತಿಂಗಳ ಅಂತರದಲ್ಲಿ ಭೂಮಿ ನಿಲ್ಲುವ, 30 ಕೋಟಿ ಕಿಲೋಮೀಟರ್ ದೂರದ ಎರಡು ಜಾಗಗಳು.

ತೊಡಕೆಂದರೆ, ಆ ತಾರೆ ತಾನಾಗಿಯೇ ವರ್ಷಕ್ಕೆ 5 ಆರ್ಕ್‌ಸೆಕೆಂಡಿಗಿಂತ ಹೆಚ್ಚು ಓಡುತ್ತದೆ; ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು. ಆದರೆ ಆ ಓಟ ನೇರವಾದದ್ದು, ಪ್ಯಾರಲಾಕ್ಸ್, ಎಂದರೆ ನೋಡುವ ಜಾಗ ಬದಲಾದಾಗ ಕಾಣುವ ಜಿಗಿತ, ಮಾತ್ರ ವರ್ಷಕ್ಕೊಮ್ಮೆ ಹೋಗಿ ಮರಳುವಂಥದ್ದು; ಆದ್ದರಿಂದ ಹಿಂದಿನ ಮಸುಕು ತಾರೆಗಳೆದುರು ತಿಂಗಳುಗಟ್ಟಲೆ ಅಳೆದು, ಓಟವನ್ನು ಕಳೆದರೆ ತೂಗಾಟ ಉಳಿಯುತ್ತದೆ.

ಅದರ ಅರ್ಧವೇ ಪ್ಯಾರಲಾಕ್ಸ್ ಕೋನ. ಇಂದಿನ ಅಳತೆಯಲ್ಲಿ 0.286 ಆರ್ಕ್‌ಸೆಕೆಂಡ್, ಎಂದರೆ ಸುಮಾರು 20 ಕಿಲೋಮೀಟರ್ ಆಚೆ ಹಿಡಿದ ಹತ್ತು ರೂಪಾಯಿ ನಾಣ್ಯದ ಅಗಲ. ಈ ಕೋನ 1 ಆರ್ಕ್‌ಸೆಕೆಂಡ್ ಆಗಿದ್ದರೆ ದೂರ 3.26 ಜ್ಯೋತಿರ್ವರ್ಷ; ಆ 3.26ನ್ನು 0.286ರಿಂದ ಭಾಗಿಸಿದರೆ ತಾರೆಯ ದೂರ 11.4 ಜ್ಯೋತಿರ್ವರ್ಷ.