ಚಪ್ಪಾಳೆ ಉಲ್ಟಾ ಬೀಳುವುದು ಯಾಕೆ?

"ಅಣ್ಣ, ಗಾನಮೇಳದಲ್ಲಿ ನಾನು ಚಪ್ಪಾಳೆ ತಟ್ಟಿದ್ರೆ ಯಾವಾಗ್ಲೂ ಪಕ್ಕದವರದ್ದಕ್ಕೆ ಉಲ್ಟಾ ಬೀಳ್ತದೆ, ನಂಗೆ ತಾಳಜ್ಞಾನ ಇಲ್ವಾ ಅಂತ? ಈ ಬ್ಯಾಕ್‌ಬೀಟು, ಸಿಂಕೋಪೇಷನ್ನು ಎಲ್ಲ ಎಂತದ್ದು?"

ತಾಳಜ್ಞಾನ ಧಾರಾಳ ಉಂಟು ಮಾರಾಯ್ರೆ. ಇಲ್ಲದವರ ಚಪ್ಪಾಳೆ ಒಂದ್ಸಲ ಬೇಗ, ಒಂದ್ಸಲ ತಡ, ಎಲ್ಲೆಲ್ಲೋ ಬೀಳ್ತದೆ. ಉಲ್ಟಾ ಬೀಳುವವರದ್ದು ಹಾಗಲ್ಲ, ಅವರದ್ದು ಗಡಿಯಾರದ ಹಾಗೆ ಸರೀ ಅಂತರದಲ್ಲೇ ಬೀಳ್ತಾ ಇರ್ತದೆ, ಒಂದು ಬೀಟ್ ಆಚೆ ಕೂತಿದೆ ಅಷ್ಟೆ. ನಾಲ್ಕು ಎಣಿಕೆಯ ಹಾಡಿನಲ್ಲಿ ಅವರು ಒಂದಕ್ಕೆ ಮತ್ತು ಮೂರಕ್ಕೆ ತಟ್ತಾರೆ, ಡ್ರಮ್ಮರ್ ಕೋಲಿನಿಂದ ಸ್ನೇರ್ ಅನ್ನುವ ಡ್ರಮ್ಮಿಗೆ ಹೊಡೆಯುವುದು ಎರಡಕ್ಕೆ ಮತ್ತು ನಾಲ್ಕಕ್ಕೆ. ಆ ಎರಡು-ನಾಲ್ಕರ ಸ್ನೇರ್ ಪೆಟ್ಟೇ ಬ್ಯಾಕ್‌ಬೀಟ್. ಡ್ರಮ್ ಸೆಟ್ಟಿನಲ್ಲಿ ಕಾಲಿನಿಂದ ಒತ್ತುವ ದೊಡ್ಡ ಕಿಕ್ ಡ್ರಮ್ ಉಂಟಲ್ಲ, ಅದು ಸಾಧಾರಣವಾಗಿ ಒಂದಕ್ಕೂ ಮೂರಕ್ಕೂ "ದುಂ" ಅಂತದೆ, ಸ್ನೇರ್ ಎರಡಕ್ಕೂ ನಾಲ್ಕಕ್ಕೂ "ಟಕ್" ಅಂತದೆ. ದುಂ ಟಕ್ ದುಂ ಟಕ್. ನಿಮ್ಮ ಕೈ ದುಂ ಜೊತೆ ಹೋಗ್ತಾ ಉಂಟು, ಟಕ್ ಜೊತೆ ಹೋಗ್ಬೇಕು.

ಇದು ನಮ್ಮ ಕಡೆಯವರಲ್ಲೇ ಯಾಕೆ ಇಷ್ಟು ಅಂತ ಕೇಳಿದ್ರೆ ನನ್ನ ಉತ್ತರ ಆದಿತಾಳ. ಕುಂಬಳೆಯಿಂದ ಬದಿಯಡ್ಕದವರೆಗೆ ಭಜನೆ ಮಂದಿರ ಇಲ್ಲದ ಊರು ಇಲ್ಲ, ಸಂಗೀತ ಕ್ಲಾಸಿಗೆ ಹೋಗದಿದ್ರೂ ಯಾರದ್ದೋ ಕೈ ನೋಡಿ ಆದಿತಾಳ ಹಾಕಲಿಕ್ಕೆ ಎಲ್ಲರಿಗೂ ಬರ್ತದೆ. ಈಗ ತೊಡೆಯ ಮೇಲೆ ಒಂದು ಆವರ್ತ ಹಾಕಿ ನೋಡಿ. ಒಂದಕ್ಕೆ ಪೆಟ್ಟು, ಎರಡು ಕಿರುಬೆರಳು, ಮೂರು ಉಂಗುರಬೆರಳು, ನಾಲ್ಕು ನಡುಬೆರಳು, ಐದಕ್ಕೆ ಪೆಟ್ಟು, ಆರು ಹುಸಿ, ಏಳಕ್ಕೆ ಪೆಟ್ಟು, ಎಂಟು ಹುಸಿ. ಪೆಟ್ಟು ಬಿದ್ದದ್ದು ಎಲ್ಲಿ? ಒಂದು, ಐದು, ಏಳು. ಮೂರೂ ಬೆಸ ಸಂಖ್ಯೆ! ಒಂದು ಆವರ್ತದ ಎಂಟು ಎಣಿಕೆ ಅಂದ್ರೆ ಡ್ರಮ್ ಸೆಟ್ಟಿನ ಲೆಕ್ಕದಲ್ಲಿ ನಾಲ್ಕರ ಎರಡು ಸುತ್ತು, ಅಂದ್ರೆ ಎರಡು ಬಾರ್, ಸ್ನೇರ್ ಬೀಳುವುದು ಎರಡು, ನಾಲ್ಕು, ಆರು, ಎಂಟಕ್ಕೆ. ಅಂದ್ರೆ ಕಿರುಬೆರಳು, ನಡುಬೆರಳು, ಹುಸಿ, ಹುಸಿ. ನಿಮ್ಮ ಕೈ ಚಿಕ್ಕಂದಿನಿಂದ ಸದ್ದು ಮಾಡದೆ ಸುಮ್ಮನಿರಲಿಕ್ಕೆ ಕಲಿತ ಜಾಗದಲ್ಲೇ ಡ್ರಮ್ಮರ್ ಕೋಲು ಎತ್ತಿ ಬಾರಿಸ್ತಾನೆ. ಉಲ್ಟಾ ಆಗದೆ ಮತ್ತೆಂತ ಆಗ್ಬೇಕು?

ಸರಿ ಮಾಡ್ಲಿಕ್ಕೂ ಅದೇ ತಾಳ ಸಾಕು. ಪೆಟ್ಟನ್ನು ಕೈಯಿಂದ ತೆಗೆದು ಕಾಲಿಗೆ ಕೊಡಿ, ಬೆಸ ಸಂಖ್ಯೆ ಎಲ್ಲ ಕಾಲಿಗೆ, ಸಮ ಸಂಖ್ಯೆ ಎಲ್ಲ ಕೈಗೆ. ಬಲಗಾಲು, ಚಪ್ಪಾಳೆ, ಎಡಗಾಲು, ಚಪ್ಪಾಳೆ. ಕುರ್ಚಿಯಲ್ಲಿ ಕೂತು ಹಿಮ್ಮಡಿ ಒತ್ತಿದ್ರೂ ನಡೀತದೆ. ಮುಖ್ಯ ಎಂತ ಅಂದ್ರೆ ಕಾಲು ಬಿಡಬಾರದು. ಕಾಲು ನಿಂತರೆ ಕೈ ಒಂದಕ್ಕೆ ವಾಪಸ್ ಓಡ್ತದೆ, ಯಾಕಂದ್ರೆ ತಾಳ ಶುರುವಾಗುವ ಜಾಗದಲ್ಲಿ ಏನಾದ್ರೂ ಒಂದು ಸದ್ದು ಬೇಕೇ ಬೇಕು ಅಂತ ಮೈಗೆ ಅನಿಸ್ತದೆ, ಕಾಲು ಆ ಆಸೆ ತೀರಿಸಿದ್ರೆ ಕೈ ಫ್ರೀ. ಕ್ವೀನ್ ಬ್ಯಾಂಡಿನ 1977ರ ಒಂದು ಹಾಡನ್ನು ಸ್ಟೇಡಿಯಂನಲ್ಲಿ ಹಾಕಿದಾಗ ಜನ ಯಾರೂ ಹೇಳಿಕೊಡದೆ ಧಂ ಧಂ ಚಪ್, ಧಂ ಧಂ ಚಪ್ ಅಂತ ಮಾಡ್ತಾರಲ್ಲ, ಅದು ಇದೇ. ಒಂದನೇ ಬೀಟಿನೊಳಗೆ ಎರಡು ಸಲ ಕಾಲು, ಎರಡಕ್ಕೆ ಚಪ್ಪಾಳೆ, ಮೂರರಲ್ಲಿ ಮತ್ತೆ ಕಾಲು, ನಾಲ್ಕಕ್ಕೆ ಚಪ್ಪಾಳೆ. ಅದರಲ್ಲಿ ಯಾರೂ ತಪ್ಪುವುದಿಲ್ಲ, ಕಾಲಿಗೆ ಕೆಲಸ ಸಿಕ್ಕಿತಲ್ಲ.

(ಬ್ಯಾಕ್‌ಬೀಟಿನ ಈ ಪದ್ಧತಿ ಅಮೆರಿಕದಲ್ಲೂ ಅನಾದಿಯಿಂದ ಬಂದದ್ದೇನಲ್ಲ. ನ್ಯೂ ಆರ್ಲಿಯನ್ಸಿನ ಡ್ರಮ್ಮರ್ ಅರ್ಲ್ ಪಾಮರ್ 1949ರಲ್ಲಿ ಗಾಯಕ ಫ್ಯಾಟ್ಸ್ ಡಾಮಿನೋನ ರೆಕಾರ್ಡಿಂಗಿಗೆ ಕೂತಾಗ ಬ್ಯಾಕ್‌ಬೀಟನ್ನು ಹಾಡಿನ ಉದ್ದಕ್ಕೂ ಬಾರಿಸಿದ. ಅಲ್ಲಿನ ಹಳೆ ಜಾಝ್‌ನಲ್ಲಿ ಅದು ಕೊನೆಯ ಸುತ್ತಿಗೆ, ಎಲ್ಲರೂ ಜೋರಾದಾಗ ಬರುವ ಬಾರಿಸಾಟ. ಅದನ್ನು ಶುರುವಿಂದಲೇ ಇಟ್ಟದ್ದು ಹೊಸತು.)

ಈಗ ಸಿಂಕೋಪೇಷನ್. ಬ್ಯಾಕ್‌ಬೀಟ್ ಒಂದು ಕಡೆ ಕೂತಿರ್ತದೆ, ಅಲ್ಲಾಡುವುದಿಲ್ಲ. ಸಿಂಕೋಪೇಷನ್ ಅಂದ್ರೆ ಹಾಡಿನ ಒತ್ತು ನೀವು ಕಾಯ್ತಾ ಇರುವ ಜಾಗ ಬಿಟ್ಟು ಸ್ವಲ್ಪ ಮೊದಲೋ ಸ್ವಲ್ಪ ಮತ್ತೆಯೋ ಬೀಳುವುದು. ಒನ್ ಆಂಡ್ ಟೂ ಆಂಡ್ ತ್ರೀ ಆಂಡ್ ಫೋರ್ ಆಂಡ್ ಅಂತ ಎಣಿಸಿ ನೋಡಿ, ಎಂಟು ಜಾಗ ಆಯ್ತು. ಗಾಯಕ ಹೊಸ ಸಾಲಿನ ಮೊದಲ ಒತ್ತನ್ನು "ಒನ್"ಗೆ ಕೊಡಬೇಕು ಅಂತ ನಾವು ಕಾಯ್ತೇವೆ, ಅವನು ಅದಕ್ಕಿಂತ ಹಿಂದಿನ "ಆಂಡ್"ನಲ್ಲೇ ಕೊಟ್ಟುಬಿಡ್ತಾನೆ, ಕೀಬೋರ್ಡಿನವ ಕಾರ್ಡನ್ನೂ ಅಲ್ಲೇ ಬದಲಾಯಿಸ್ತಾನೆ. ಹಾಡಿನ ವೇಗ ನಿಮಿಷಕ್ಕೆ 100 ಬೀಟ್ ಇದ್ರೆ ಒಂದು ಬೀಟ್ ಅಂದ್ರೆ 0.6 ಸೆಕೆಂಡ್, ಅವನು ಬಂದದ್ದು 0.3 ಸೆಕೆಂಡ್ ಮೊದಲು. ಇಷ್ಟರಲ್ಲೇ ಹಾಡಿಗೆ ಒಂದು ತಳ್ಳಾಟ ಬರ್ತದೆ, ಮೈ ಮುಂದೆ ವಾಲ್ತದೆ. ಆದ್ರೆ ಕಿವಿ ಇದ್ದವರು ಮೋಸ ಹೋಗುವುದೂ ಇಲ್ಲೇ, ಗಾಯಕ ಬಂದದ್ದೇ "ಒನ್" ಅಂದುಕೊಂಡು ಚಪ್ಪಾಳೆಯನ್ನು ಅರ್ಧ ಬೀಟ್ ಮೊದಲೇ ಹಾಕಿಬಿಡ್ತಾರೆ.

ಹಾಗಾಗಿ ತಪ್ಪು ಎರಡು ನಮೂನೆ. ನಿಮ್ಮದು ಯಾವುದು ಅಂತ ನೀವೇ ಕಂಡುಹಿಡೀಬಹುದು. ಚಪ್ಪಾಳೆ ತಟ್ಟುವಾಗ ಅದರ ಜೊತೆ ದುಂ ಕೇಳಿದ್ರೆ ಒಂದು ಬೀಟ್ ತಪ್ಪಿದೆ, ಅದು ಆದಿತಾಳದ ಕೈ. ಚಪ್ಪಾಳೆ ದುಂಗೂ ಟಕ್‌ಗೂ ನಡುವೆ, ಬರೀ ಹೈ-ಹ್ಯಾಟ್ ಅನ್ನುವ ಜೋಡಿ ತಟ್ಟೆಯ "ಚಿಕ್" ಇರುವ ಜಾಗದಲ್ಲಿ ಬಿದ್ರೆ ಅರ್ಧ ಬೀಟ್ ತಪ್ಪಿದೆ, ಅದು ಹಾಡಿನ ಹಿಂದೆ ಓಡಿದ್ದರ ಫಲ. ಎರಡನೇದು ಜಾಸ್ತಿ ಕಿರಿಕಿರಿ, ಸ್ಟೇಜಿನಲ್ಲಿ ಇದ್ದವರಿಗೆ ಹಲ್ಲಿಗೆ ಕಲ್ಲು ಸಿಕ್ಕಿದ ಹಾಗೆ ಆಗ್ತದೆ.

ಈ ಎರಡೂ ಒಟ್ಟಿಗೆ ಹೇಗೆ ಕೂರ್ತವೆ ಅಂತ ನೋಡ್ಲಿಕ್ಕೆ ತಕಿಟ ತಕಿಟ ತಕ ತಗೊಳ್ಳಿ. ಮೂರು, ಮೂರು, ಎರಡು, ಒಟ್ಟು ಎಂಟು, ಮೇಲಿನ ಎಂಟು ಜಾಗಕ್ಕೆ ಸರಿಯಾಗಿ ತುಂಬ್ತದೆ. ಸಿನಿಮಾ ಹಾಡು, ಲ್ಯಾಟಿನ್ ಪಾಪ್ ಎಲ್ಲದರಲ್ಲೂ ಗಿಟಾರೋ ಬೇಸೋ ಇದನ್ನೇ ನುಡಿಸ್ತಾ ಇರ್ತದೆ. ಪ್ರತಿ "ತ"ಕ್ಕೆ ಒತ್ತು ಕೊಟ್ಟು ಬಾಯಲ್ಲಿ ಹೇಳ್ತಾ ಇರಿ. ಒತ್ತು ಬೀಳುವುದು ಒಂದನೇ, ನಾಲ್ಕನೇ, ಏಳನೇ ಜಾಗಕ್ಕೆ. ಈಗ ಚಪ್ಪಾಳೆ. ಬ್ಯಾಕ್‌ಬೀಟಿನ "ಟೂ", "ಫೋರ್" ಈ ಎಂಟರಲ್ಲಿ ಬೀಳುವುದು ಮೂರನೇ ಮತ್ತು ಏಳನೇ ಜಾಗಕ್ಕೆ. ಮೊದಲ ತಕಿಟದ "ಟ"ಕ್ಕೆ ಒಂದು ಚಪ್ಪಾಳೆ, ಕೊನೆಯ ತಕದ "ತ"ಕ್ಕೆ ಒಂದು ಚಪ್ಪಾಳೆ, ನಡುವಿನ ತಕಿಟಕ್ಕೆ ಏನೂ ಇಲ್ಲ. ತಕಿಟ ತಕಿಟ ತಕ. ಮೊದಲ ಚಪ್ಪಾಳೆ ಬಾಯಿಯ ಒತ್ತು ಬರುವುದಕ್ಕಿಂತ ಒಂದು ಜಾಗ ಮೊದಲೇ ಬೀಳ್ತದೆ, ಎರಡನೇದು ಬಾಯಿಯ ಒತ್ತಿನ ಮೇಲೆಯೇ ಕೂರ್ತದೆ. ಒಂದು ಕಡೆ ಜಗಳ, ಒಂದು ಕಡೆ ರಾಜಿ, ಮಜಾ ಇರುವುದೇ ಇದರಲ್ಲಿ. ಕೈ "ಟ" ಬಿಟ್ಟು ಮುಂದಿನ "ತ"ದ ಮೇಲೆ ಜಾರಿದ್ರೆ ಬಾಯಿ ಕೈಯನ್ನು ಎಳ್ಕೊಂಡು ಹೋಗಿದೆ ಅಂತ ಅರ್ಥ, ನಿಧಾನ ಮಾಡಿ ಮೊದಲಿಂದ.

ಹಾಡು ಆಚೀಚೆ ಆದ್ರೂ ಕೈ ಅಲ್ಲಾಡಬಾರದು ಅನ್ನುವುದು ನಮಗೆ ಹೊಸ ವಿಷಯವೂ ಅಲ್ಲ. ಸಮದಲ್ಲಿ ಪೆಟ್ಟು ಹಾಕಿ ಅರ್ಧ ಎಣಿಕೆ ಬಿಟ್ಟು ಎತ್ತಿಕೊಳ್ಳುವ ಅನಾಗತ ಎಡುಪಿನ ಕೃತಿಗಳು ಎಷ್ಟಿಲ್ಲ, ಪಲ್ಲವಿ ತಡವಾಗಿ ಬಂತು ಅಂತ ಯಾರೂ ಪೆಟ್ಟನ್ನು ಮುಂದೆ ಹಾಕುವುದಿಲ್ಲ. ಯಕ್ಷಗಾನ ಆಟದಲ್ಲಿ ಚೆಂಡೆ ಎಷ್ಟು ಹಾರಾಡಿದ್ರೂ ಚಕ್ರತಾಳದವ ತನ್ನ ಪಾಡಿಗೆ ಇರ್ತಾನೆ. ಗಾನಮೇಳದಲ್ಲಿ ಚಕ್ರತಾಳದ ಕೆಲಸ ಸ್ನೇರ್‌ದು, ನೀವು ಅದನ್ನು ಹಿಡ್ಕೊಳ್ಳಿ, ಗಾಯಕನನ್ನು ಅವನ ಪಾಡಿಗೆ ಬಿಡಿ.

ಇನ್ನು, ಹಾಡಿನ ಮಧ್ಯೆ ಉಲ್ಟಾ ಆಗಿದೆ ಅಂತ ಗೊತ್ತಾದ್ರೆ ಎಂತ ಮಾಡುವುದು? ವೇಗ ಹೆಚ್ಚು ಕಮ್ಮಿ ಮಾಡಿ ಸರಿ ಮಾಡ್ಲಿಕ್ಕೆ ಹೋಗಬೇಡಿ. ಒಂದೇ ಒಂದು ಬೀಟ್ ಜಾಸ್ತಿ ಕಾದು ಮತ್ತೆ ತಟ್ಟಿ, ಮುಗೀತು. ಹ್ಯಾರಿ ಕಾನಿಕ್ ಜೂನಿಯರ್ ಅಂತ ಒಬ್ಬ ಪಿಯಾನೋ ವಾದಕ, ಗಾಯಕ ಇದ್ದಾನೆ, ಅವನ ಒಂದು ಕಾರ್ಯಕ್ರಮದ ವಿಡಿಯೋ ಸಂಗೀತದವರ ನಡುವೆ ತುಂಬ ಓಡಾಡಿದೆ. ಸಭೆಯವರೆಲ್ಲ ಒಂದು-ಮೂರಕ್ಕೆ ತಟ್ತಾ ಇದ್ದಾರೆ. ಇವನು ಬಾಯಿ ಬಿಟ್ಟು ಏನೂ ಹೇಳಲಿಲ್ಲ, ಪಿಯಾನೋ ಸೋಲೋದ ಮಧ್ಯೆ ಒಂದು ಬಾರಿನಲ್ಲಿ ನಾಲ್ಕರ ಬದಲು ಐದು ಬೀಟ್ ನುಡಿಸಿದ. ಜನರ ಚಪ್ಪಾಳೆ ಒಂದು, ಮೂರು, ಐದಕ್ಕೆ ಬಿತ್ತು, ಅದರ ಮುಂದಿನದ್ದು ಏಳಕ್ಕೆ ಬೀಳಬೇಕಲ್ಲ, ಅಷ್ಟರಲ್ಲಿ ಆರನೇ ಬೀಟ್ ಹೊಸ ಬಾರಿನ ಒಂದು ಆಗಿತ್ತು, ಏಳು ಅಂದ್ರೆ ಅದರ ಎರಡು. ಸಭೆಯವರಿಗೆ ಗೊತ್ತೇ ಆಗದೆ ಎಲ್ಲರೂ ಸರಿಯಾದರು, ಹಿಂದೆ ಡ್ರಮ್ಮರ್ ಎರಡೂ ಕೈ ಮೇಲೆತ್ತಿ ಖುಷಿಪಟ್ಟ. ನಮ್ಮ ಗಾನಮೇಳದಲ್ಲಿ ಹೀಗೆ ಮಾಡಿದ್ರೆ ಬೇಸ್‌ನವ ಅಲ್ಲೇ ಜಗಳಕ್ಕೆ ಬರ್ತಾನೆ ಬಿಡಿ, ಆದ್ದರಿಂದ ಬೀಟ್ ನೀವೇ ಬಿಡುವುದು ಒಳ್ಳೇದು.

ಮೈದಾನದ ಕಾರ್ಯಕ್ರಮದಲ್ಲಿ ಹಿಂದೆ ನಿಂತವರಿಗೆ ಸ್ವಲ್ಪ ರಿಯಾಯಿತಿ ಉಂಟು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗ್ತದೆ. ಸ್ಟೇಜಿನಿಂದ 50 ಮೀಟರ್ ಹಿಂದೆ ನೀವು ನಿಂತಿದ್ರೆ ಸ್ನೇರ್ ನಿಮಗೆ ಮುಟ್ಟುವುದೇ 0.15 ಸೆಕೆಂಡ್ ತಡವಾಗಿ, ನಿಮ್ಮ ಚಪ್ಪಾಳೆ ಸ್ಟೇಜಿಗೆ ವಾಪಸ್ ಬರ್ಲಿಕ್ಕೆ ಇನ್ನೊಂದು 0.15. ಎರಡೂ ಸೇರಿ 0.3, 100ರ ವೇಗದಲ್ಲಿ ಸರಿಯಾಗಿ ಅರ್ಧ ಬೀಟ್! ನೀವು ಸರಿಯಾಗಿಯೇ ತಟ್ಟಿದ್ದೀರಿ, ಸ್ಟೇಜಿನವರಿಗೆ ಅದು "ಆಂಡ್"ನಲ್ಲಿ ಕೇಳ್ತದೆ. ಹಿಂದಿನವರ ಚಪ್ಪಾಳೆ ಕೇಳ್ತಾ ಬಾರಿಸುವ ಡ್ರಮ್ಮರ್ ಹಾಡನ್ನೇ ಎಳೆದುಬಿಡ್ತಾನೆ, ಅದಕ್ಕೇ ಅನುಭವ ಇದ್ದವರು ಸ್ಟೇಜಿನ ಮೇಲೆ ತಮಗೆ ಅಂತ ಇಟ್ಟ ಮಾನಿಟರ್ ಸ್ಪೀಕರ್ ಬಿಟ್ಟು ಬೇರೆ ಯಾವುದಕ್ಕೂ ಕಿವಿ ಕೊಡುವುದಿಲ್ಲ.

ಎರಡು-ನಾಲ್ಕು ಅಂತ ಬಾಯಿಪಾಠ ಮಾಡಿ ಎಲ್ಲ ಹಾಡಿಗೂ ಹಚ್ಚಬೇಡಿ ಮಾತ್ರ. ಕೆಲವು ಭಾರದ ಹಾಡುಗಳಲ್ಲಿ ಸ್ನೇರ್ ಬಾರಿಗೆ ಒಂದೇ ಸಲ, ಮೂರಕ್ಕೆ ಬೀಳ್ತದೆ, ಅಲ್ಲಿ ಚಪ್ಪಾಳೆಯೂ ಮೂರಕ್ಕೇ. ಆರು ಎಣಿಕೆಯ ನಿಧಾನದ ಹಾಡಾದ್ರೆ ಸ್ನೇರ್ ಸಾಮಾನ್ಯವಾಗಿ ನಾಲ್ಕಕ್ಕೆ. ಮತ್ತೆ ಭಜನೆಗೆ ಕೂತಾಗ ದಯವಿಟ್ಟು ಬ್ಯಾಕ್‌ಬೀಟ್ ಹಾಕಬೇಡಿ, ಅಲ್ಲಿ ನಿಮ್ಮ ಹಳೆ ಕೈಯೇ ಸರಿ.